ಪದಚರ್ಚೆ: ಐದು, ಏಳರ ಎಣಿಕೆಗೆ ‘ಬೆಸ ತಾಳ’ ಅನ್ನಬಹುದೇ?

ಪ್ರಶ್ನೆ:
ರಾಕ್ ಮತ್ತು ಜನಪದ ಸಂಗೀತದ ಬಗ್ಗೆ ಬರೆಯುತ್ತಿದ್ದೇನೆ. ಒಂದು ಸುತ್ತಿಗೆ ಐದೋ ಏಳೋ ಎಣಿಕೆ ಬರುವ ಹಾಡುಗಳಿಗೆ ಕನ್ನಡದಲ್ಲಿ ಏನನ್ನೋಣ? ‘ವಿಷಮ ತಾಳ’ ಅಂದರೆ ತಾಳಕ್ಕೇ ಏನೋ ಕಾಯಿಲೆ ಇದ್ದಂತಿದೆ. ‘ಬೆಸ ತಾಳ’ ಆಗಬಹುದೇ? ಪಿಂಕ್ ಫ್ಲಾಯ್ಡ್‌ನ ‘ಮನಿ’ಯಲ್ಲಿ ಏಳನ್ನು ಎಣಿಸಿ ಹಿಡಿಯಬಲ್ಲೆ. ಬಲ್ಗೇರಿಯದ ರಚೆನಿತ್ಸ ಕುಣಿತವೂ ಏಳೇ ಅಂತಾರೆ, ಆದರೆ ಎಣಿಸುವಷ್ಟರಲ್ಲಿ ಸುತ್ತೇ ಮುಗಿದಿರುತ್ತದೆ. ಎರಡಕ್ಕೂ ಒಂದೇ ಪದ ಸಾಕೇ?

ಉತ್ತರ 1:
ಹೊಸ ಪದ ಯಾಕೆ? ಐದಕ್ಕೆ ಖಂಡಛಾಪು, ಏಳಕ್ಕೆ ಮಿಶ್ರಛಾಪು ಇದೆಯಲ್ಲ. ‘ತಕಿಟ ತಕದಿಮಿ’ ಅಂದುಕೊಂಡು ಕೇಳಿ, ಸಿಕ್ಕಿಬಿಡುತ್ತೆ.

ಉತ್ತರ 2:
ಛಾಪು ಎಲ್ಲ ಕಡೆ ಕೂರುವುದಿಲ್ಲ ಸರ್. ಮಿಶ್ರಛಾಪಿನಲ್ಲಿ ಮೂರು ಮೊದಲು, ನಾಲ್ಕು ಆಮೇಲೆ. ಗ್ರೀಸಿನ ಕಲಮತಿಯಾನೋಸ್ ಕುಣಿತಕ್ಕೆ ಅದು ಸರಿ, ಅಲ್ಲಿ 3+2+2. ರಚೆನಿತ್ಸದಲ್ಲಿ 2+2+3, ಮೂರು ಬರುವುದು ಕೊನೆಗೆ. ಅಲ್ಲಿ ಏಳು ಎಣಿಸಲು ಹೋಗಬೇಡಿ. ಮೂರೇ ಪೆಟ್ಟು ಕೇಳಿ: ಗಿಡ್ಡ, ಗಿಡ್ಡ, ಉದ್ದ. ಬಾಯಲ್ಲಿ ಹೇಳಿದರೆ ‘ತಕ ತಕ ತಕಿಟ’. ಉದ್ದನೆಯ ಪೆಟ್ಟು ಗಿಡ್ಡದ ಒಂದೂವರೆಯಷ್ಟು. ಎರಡರಷ್ಟು ಎಳೆದಿರೋ, ಸುತ್ತು ಎಂಟಾಗಿ ಕುಣಿತ ಕೈತಪ್ಪುತ್ತದೆ.

‘ಮನಿ’ಯ ಕಥೆ ಬೇರೆ. ಅಲ್ಲಿ ಏಳು ಪೆಟ್ಟೂ ಒಂದೇ ಅಳತೆ, ನಿಧಾನವಾಗಿ ಬರುತ್ತವೆ, ಅದಕ್ಕೇ ಎಣಿಸಲು ಆಗುತ್ತದೆ. ಗಿಟಾರ್ ಸೋಲೋ ಶುರುವಾದಾಗ ಮಾತ್ರ ನಾಲ್ಕಕ್ಕೆ ತಿರುಗುತ್ತದೆ, ಅಲ್ಲಿ ಕಿವಿಗೆ ಒಮ್ಮೆಲೇ ಸಲೀಸು ಅನ್ನಿಸುತ್ತೆ. ನನ್ನ ಪ್ರಕಾರ ‘ಬೆಸ ಎಣಿಕೆ’ ಎರಡಕ್ಕೂ ನಡೆಯುತ್ತದೆ. ರಚೆನಿತ್ಸಕ್ಕೆ ‘ಗಿಡ್ಡ-ಉದ್ದ ಪೆಟ್ಟಿನ ತಾಳ’ ಅಂತ ಜೊತೆಗೆ ಸೇರಿಸಲೇಬೇಕು. ಟರ್ಕಿಯವರು ಇಂಥದ್ದಕ್ಕೆ ‘ಅಕ್ಸಾಕ್’ ಅಂತಾರೆ, ಅಂದರೆ ಕುಂಟುವುದು. ಕನ್ನಡಕ್ಕೆ ಅದು ಬೇಡ, ಅಲ್ವಾ?

ಉತ್ತರ 3:
ಪದದ ವಿಷಯ ನನಗೆ ಗೊತ್ತಿಲ್ಲ. ಏಳರ ಹಾಡಿಗೆ ಸುಮ್ನೆ ಕಾಲು ತಟ್ಟುತ್ತಾ ಕೂತರೆ ಮೊದಲ ಸುತ್ತು ಸರಿ ಬೀಳುತ್ತೆ, ಎರಡನೆಯದು ತಪ್ಪುತ್ತೆ, ಮೂರನೆಯದು ತಾನಾಗಿ ಸರಿಹೋಗುತ್ತೆ. ಬೆಸ ಅಂದರೆ ಇದೇನಾ, ಅಥವಾ ನನಗೆ ತಾಳಜ್ಞಾನ ಕಮ್ಮಿಯಾ?

ಉತ್ತರ 2:
ನಿಮ್ಮ ಕಾಲು ಸರಿಯಾಗೇ ಇದೆ ಮೇಡಂ. ಎರಡೆರಡು ಎಣಿಕೆಗೆ ಒಮ್ಮೆ ತಟ್ಟುತ್ತಿದ್ದೀರಿ. ಮೊದಲ ಸುತ್ತಿನಲ್ಲಿ ಕಾಲು 1, 3, 5, 7ಕ್ಕೆ ಬೀಳುತ್ತದೆ. ಮುಂದಿನ ತಟ್ಟು ಎರಡನೇ ಸುತ್ತಿನ 2ಕ್ಕೆ, ಆಮೇಲೆ 4, 6. ಮತ್ತೆ 1 ಸಿಗುವುದು ಮೂರನೇ ಸುತ್ತಿನಲ್ಲೇ. ಐದರಲ್ಲೂ ಹೀಗೇ, ಹತ್ತು ಎಣಿಕೆಗೊಮ್ಮೆ ಕೂಡುತ್ತದೆ. ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಶುರುವಿನ ಪೆಟ್ಟು ಕಾಲಿಗೆ ಸಿಕ್ಕರೆ ಎಣಿಕೆ ಬೆಸ. ಐದೋ ಏಳೋ ಅನ್ನುವುದನ್ನು ಮಾತ್ರ ಎಣಿಸಿಯೇ ನೋಡಬೇಕು.

ಉತ್ತರ 1:
ರಚೆನಿತ್ಸದ ಮಾತು ಒಪ್ಪಿದೆ. ‘ಬೆಸ’ ಮಾತ್ರ ಒಪ್ಪಲಾರೆ. ಭಾಮಿನಿ ಷಟ್ಪದಿ ಓಡುವುದೂ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಗಳಲ್ಲೇ. ಅದನ್ನು ಯಾರಾದರೂ ಬೆಸ ಛಂದಸ್ಸು ಅಂದಿದ್ದಾರಾ?