ಬರೀ ಒಂದು ಪರ್ಸೆಂಟ್‌ಗೆ ತಲೆ ಕೆಡಿಸಿಕೊಳ್ಳಬೇಕಾ? ರೆಗ್ಯುಲರ್, ಡೈರೆಕ್ಟ್ ಜಗಳ

ಸಾಗರದ ಟೀಚರ್: ಬ್ಯಾಂಕಿನಲ್ಲಿ ಹೇಳಿದರು ಅಂತ 6 ವರ್ಷದ ಹಿಂದೆ ಒಂದು ಮ್ಯೂಚುವಲ್ ಫಂಡ್‌ನಲ್ಲಿ ತಿಂಗಳಿಗೆ 5,000 ರೂಪಾಯಿ ಎಸ್‌ಐಪಿ ಶುರು ಮಾಡಿದ್ದೆ. ಈಗ ಸುಮಾರು 5.2 ಲಕ್ಷ ಆಗಿದೆ. ಮೊನ್ನೆ ನೋಡಿದರೆ ಅದೇ ಫಂಡ್ ಎರಡು ಥರ ಇದೆ: ಬ್ಯಾಂಕ್ ಅಥವಾ ವಿತರಕರ ಮೂಲಕ ಕೊಳ್ಳುವ ರೆಗ್ಯುಲರ್, ಫಂಡ್ ಕಂಪನಿಯಿಂದ ನೇರವಾಗಿ ಕೊಳ್ಳುವ ಡೈರೆಕ್ಟ್. ಎಕ್ಸ್‌ಪೆನ್ಸ್ ರೇಶಿಯೋ, ಅಂದರೆ ವರ್ಷದ ಫೀ, ರೆಗ್ಯುಲರ್‌ಗೆ 1.7%, ಡೈರೆಕ್ಟ್‌ಗೆ 0.7%. ನನ್ನದು ರೆಗ್ಯುಲರ್. ರಿಟೈರ್ ಆಗಲು ಇನ್ನೂ 25 ವರ್ಷ ಇದೆ. ಬರೀ ಒಂದು ಪರ್ಸೆಂಟ್‌ಗೆ ತಲೆ ಕೆಡಿಸಿಕೊಳ್ಳಬೇಕಾ?

ತುಂಗಾತೀರ: ಹಳೆಯದನ್ನು ಪಕ್ಕಕ್ಕಿಡಿ ಮೇಡಂ, ಮುಂದಿನ ಕಂತುಗಳನ್ನು ಮಾತ್ರ ನೋಡೋಣ. 25 ವರ್ಷಕ್ಕೆ ನೀವು ಕಟ್ಟುವುದು 15 ಲಕ್ಷ. ಡೈರೆಕ್ಟ್‌ನಲ್ಲಿ 12% ಬಂದರೆ ಸುಮಾರು 94.9 ಲಕ್ಷ ಆಗುತ್ತದೆ. ರೆಗ್ಯುಲರ್‌ನಲ್ಲಿ ಅದೇ 11% ಆಗಿ 79.5 ಲಕ್ಷಕ್ಕೆ ನಿಲ್ಲುತ್ತದೆ. ವ್ಯತ್ಯಾಸ 15 ಲಕ್ಷದ ಮೇಲೆ, ಅಂದರೆ ನೀವು ಜೇಬಿನಿಂದ ಕಟ್ಟಿದಷ್ಟೇ ದುಡ್ಡು. ಮೊದಲ 10 ವರ್ಷದಲ್ಲಿ ಈ ವ್ಯತ್ಯಾಸ 67 ಸಾವಿರ ಮಾತ್ರ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಫೀ ನೀವು ಕಟ್ಟುವ ಕಂತಿನ ಮೇಲಲ್ಲ, ಸೇರಿರುವ ಇಡೀ ಮೊತ್ತದ ಮೇಲೆ. ಗಂಟು 60 ಲಕ್ಷ ದಾಟಿದ ಮೇಲೆ ಆ ಒಂದು ಪರ್ಸೆಂಟೇ ವರ್ಷದ ನಿಮ್ಮ 12 ಕಂತಿಗಿಂತ ಜಾಸ್ತಿ.

ಅಡಿಕೆ ತೋಟ: 12% ಯಾರು ಬರೆದು ಕೊಟ್ಟಿದ್ದಾರೆ ಮಾರಾಯ್ರೆ? ಆ ಒಂದು ಅಂಕಿ ತಪ್ಪಾದರೆ ನಿಮ್ಮ 15 ಲಕ್ಷವೂ ಹೋಯಿತು. ನಮಗೆ ದುಡ್ಡು ಬರುವುದು ಕೊಯ್ಲಾದ ಮೇಲೆ. ಕೊಳೆರೋಗ ಬಂದ ವರ್ಷ ತಿಂಗಳ ಕಂತು ಎಲ್ಲಿಂದ ಕಟ್ಟುವುದು? ಮೊದಲು ಅದನ್ನು ಹೇಳಿ.

ತುಂಗಾತೀರ: ಯಾರೂ ಬರೆದು ಕೊಟ್ಟಿಲ್ಲ, ಸರಿ. ಹಾಗಾದರೆ 8% ಅಂತಲೇ ಇಟ್ಟುಕೊಳ್ಳಿ. ಡೈರೆಕ್ಟ್‌ನಲ್ಲಿ 47.9 ಲಕ್ಷ, 7% ಆದ ರೆಗ್ಯುಲರ್‌ನಲ್ಲಿ 40.7 ಲಕ್ಷ. 12% ಬಂದಾಗ ಲಾಭದ 19% ಫೀಗೆ ಹೋಗುತ್ತಿತ್ತು, ಈಗ 22% ಹೋಗುತ್ತದೆ. ರಿಟರ್ನ್ ಕಡಿಮೆ ಆದಷ್ಟೂ ಫೀ ಜಾಸ್ತಿ ಕಚ್ಚುತ್ತದೆ. ನಿಮ್ಮ ಅನುಮಾನದಿಂದ ನನ್ನ ಮಾತು ಇನ್ನೂ ಗಟ್ಟಿಯಾಯಿತು.

ಭದ್ರಾವತಿ ಕಿರಣ: ಎಲ್ಲರೂ ಒಂದು ವಿಷಯ ಮರೆತಿದ್ದೀರಿ. ಡೈರೆಕ್ಟ್‌ನ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ಜಾಸ್ತಿ ಇರುತ್ತದೆ. ಅದೇ 5,000ಕ್ಕೆ ಅಲ್ಲಿ ಯೂನಿಟ್ ಕಡಿಮೆ ಸಿಗುತ್ತದೆ. ಬೇಕಾದರೆ ಯಾವ ಫಂಡ್ ಆದರೂ ತೆಗೆದು ನೋಡಿ. ಅಂದ ಮೇಲೆ ಉಳಿತಾಯ ಎಲ್ಲಿ ಬಂತು?

ತುಂಗಾತೀರ: ಯೂನಿಟ್ ಕಡಿಮೆ ಸಿಗುವುದು ನಿಜ. ಅದರಿಂದ ನಷ್ಟ ಅನ್ನುವುದು ಸುಳ್ಳು. ಡೈರೆಕ್ಟ್ ಪ್ಲಾನ್ ಬಂದದ್ದು 2013ರ ಜನವರಿ 1ಕ್ಕೆ. ಅವತ್ತು ಹಳೆಯ ಫಂಡ್‌ಗಳ ಎರಡೂ ಪ್ಲಾನಿನ ಎನ್‌ಎವಿ ಒಂದೇ ಇತ್ತು. ಒಳಗಿರುವ ಶೇರುಗಳೂ ಒಂದೇ, ಮ್ಯಾನೇಜರೂ ಒಬ್ಬರೇ. ಫೀಯನ್ನು ದಿನಾ ಸ್ವಲ್ಪ ಸ್ವಲ್ಪ ಮುರಿದುಕೊಂಡು ಎನ್‌ಎವಿ ಹಾಕುತ್ತಾರೆ. ಇವತ್ತು ನಿಮಗೆ ಕಾಣುವ ಅಂತರ ಇಷ್ಟು ವರ್ಷ ರೆಗ್ಯುಲರ್‌ನವರಿಂದ ಮುರಿದುಕೊಂಡ ಫೀ.

ಭದ್ರಾವತಿ ಕಿರಣ: "ಯೂನಿಟ್ ಕಡಿಮೆ ಸಿಗುವುದು ನಿಜ". ನೀವೇ ಒಪ್ಪಿಕೊಂಡಿರಿ!

ತುಂಗಾತೀರ: ಪೂರ್ತಿ ಓದಿ ಕಿರಣ್. ರೆಗ್ಯುಲರ್ ಎನ್‌ಎವಿ 100, ಡೈರೆಕ್ಟ್ 110 ಅಂತ ಇಟ್ಟುಕೊಳ್ಳಿ. 5,000ಕ್ಕೆ ಅಲ್ಲಿ 50 ಯೂನಿಟ್, ಇಲ್ಲಿ 45.45. ಒಂದು ವರ್ಷ ಬಿಟ್ಟು ರೆಗ್ಯುಲರ್ 111 ಆಗುತ್ತದೆ, ನಿಮ್ಮ ದುಡ್ಡು 5,550. ಡೈರೆಕ್ಟ್ 123.20 ಆಗುತ್ತದೆ, ದುಡ್ಡು 5,600. ಯೂನಿಟ್ ಎಣಿಸಿ ಏನು ಮಾಡುತ್ತೀರಿ?

ಭದ್ರಾವತಿ ಕಿರಣ: ಯೂನಿಟ್ ಜಾಸ್ತಿ ಇದ್ದವರಿಗೆ ಡಿವಿಡೆಂಡ್ ಜಾಸ್ತಿ ಬರುತ್ತದೆ ಸರ್. ನಮ್ಮ ಮಾವನಿಗೆ ಬರುತ್ತಿದೆ. ಪುಸ್ತಕದ ಲೆಕ್ಕ ಬಿಡಿ.

ತುಂಗಾತೀರ: ಮೇಡಂ ಗ್ರೋತ್‌ನಲ್ಲಿ, ಅಂದರೆ ಲಾಭ ಫಂಡ್ ಒಳಗೇ ಉಳಿಯುವ ಆಯ್ಕೆಯಲ್ಲಿ ಇದ್ದರೆ ಅಲ್ಲಿ ಡಿವಿಡೆಂಡೇ ಇಲ್ಲ. ನಿಮ್ಮ ಮಾವನಿಗೆ ಬರುವುದೂ ಅವರದೇ ಎನ್‌ಎವಿಯಿಂದ ಕಿತ್ತು ಕೊಡುವ ದುಡ್ಡು. ಕೊಟ್ಟಷ್ಟು ಎನ್‌ಎವಿ ಇಳಿಯುತ್ತದೆ. ಜನ ಅದನ್ನು ಹೆಚ್ಚುವರಿ ಆದಾಯ ಅಂದುಕೊಳ್ಳುತ್ತಾರೆ ಅಂತಲೇ ಮಾರುಕಟ್ಟೆ ನಿಯಂತ್ರಕ ಸೆಬಿ 2021ರ ಏಪ್ರಿಲ್‌ನಿಂದ ಡಿವಿಡೆಂಡ್ ಅನ್ನುವ ಹೆಸರನ್ನೇ ತೆಗೆಸಿತು.

ಭದ್ರಾವತಿ ಕಿರಣ: ಹೆಸರು ತೆಗೆದರೆ ದುಡ್ಡು ಬರುವುದು ನಿಲ್ಲುತ್ತದಾ? ಬ್ಯಾಂಕ್ ಖಾತೆಗೆ ಬೀಳುತ್ತಿದೆಯಲ್ಲ.

ಅಡಿಕೆ ತೋಟ: ನೀವಿಬ್ಬರೂ ಯೂನಿಟ್ ಹಿಡಿದುಕೊಂಡು ಎಳೆದಾಡಿ. ನನ್ನ ಪ್ರಶ್ನೆ ಅಲ್ಲೇ ಬಿದ್ದಿದೆ.

ವಿತರಕ, ಶಿವಮೊಗ್ಗ: ಇದೇ ಕೆಲಸ ಮಾಡುವವನು ನಾನು, ಹಾಗಾಗಿ ಹೇಳುತ್ತೇನೆ. 2020ರ ಜನವರಿಯಲ್ಲಿ 12,400 ದಾಟಿದ್ದ ನಿಫ್ಟಿ ಮಾರ್ಚ್ ಕೊನೆಯಲ್ಲಿ 7,600ರ ಆಸುಪಾಸಿಗೆ ಬಂತು. ಆಗ ನನಗೆ ಬಂದ ಫೋನೆಲ್ಲ "ಎಲ್ಲಾ ಮಾರಿಬಿಡಿ" ಅಂತಲೇ. ಒಬ್ಬೊಬ್ಬರ ಮನೆಗೆ ಫೋನ್ ಮಾಡಿ ತಡೆದೆ. ಅಂದು ಹೆದರಿ ಮಾರಿದವನಿಗೆ ನಿಮ್ಮ ಒಂದು ಪರ್ಸೆಂಟ್‌ಗಿಂತ ಎಷ್ಟೋ ಪಟ್ಟು ಹೋಯಿತು. ಆ ಲೆಕ್ಕ ನಿಮ್ಮ ಕ್ಯಾಲ್ಕುಲೇಟರ್‌ನಲ್ಲಿ ಇದೆಯಾ?

ತುಂಗಾತೀರ: "ಒಬ್ಬೊಬ್ಬರ ಮನೆಗೆ ಫೋನ್" ಮಾಡುವವರಿಗೆ ಕೊಡಲಿ, ತಕರಾರಿಲ್ಲ. ಫೋನೇ ಮಾಡದ ವಿತರಕರಿಗೂ ನಮ್ಮ ಫೀಯಿಂದಲೇ ಕೊಡುವ ಅದೇ ಟ್ರೇಲ್ ಕಮಿಷನ್ ವರ್ಷ ವರ್ಷ ಹೋಗುತ್ತದಲ್ಲ? ಮೇಡಂ, ಆರು ತಿಂಗಳಿಗೊಮ್ಮೆ ಬರುವ ಒಟ್ಟು ಸ್ಟೇಟ್‌ಮೆಂಟ್ ತೆಗೆಯಿರಿ. ನಿಮ್ಮ ಹೂಡಿಕೆಗೆ ವಿತರಕರಿಗೆ ಎಷ್ಟು ಕೊಟ್ಟರು ಅನ್ನುವುದು ರೂಪಾಯಿಯಲ್ಲೇ ಇರುತ್ತದೆ.

ಸಾಗರದ ಟೀಚರ್: ತೆಗೆದು ನೋಡಿದೆ. ಆರು ತಿಂಗಳಿಗೆ 2,210 ರೂಪಾಯಿ. ಈ ಆರು ವರ್ಷದಲ್ಲಿ ಬ್ಯಾಂಕಿನಿಂದ ಫೋನ್ ಬಂದದ್ದು ಇನ್ಶೂರೆನ್ಸ್ ಮಾಡಿಸಿ ಅನ್ನಲಿಕ್ಕೆ ಮಾತ್ರ. 2020ರಲ್ಲಿ ಯಾರೂ ಮಾಡಿರಲಿಲ್ಲ. ನನಗೆ ತುಂಬಾ ಬೇಜಾರಾಗಿದೆ. ಆದರೆ ಬದಲಾಯಿಸಿದರೆ ತೆರಿಗೆ ಬೀಳುತ್ತದೆ ಅನ್ನುತ್ತಾರೆ, ಹೌದಾ?

ವಿತರಕ, ಶಿವಮೊಗ್ಗ: ಬೀಳುತ್ತದೆ. ಸ್ವಿಚ್ ಅಂದರೆ ಕಾನೂನಿನಲ್ಲಿ ಮಾರಿ ಮತ್ತೆ ಕೊಂಡ ಹಾಗೆ. ಲಾಭಕ್ಕೆ 12.5%. ಯಾರೂ ಇದನ್ನು ಹೇಳುವುದಿಲ್ಲ.

ತುಂಗಾತೀರ: ಅರ್ಧ ಹೇಳಿ ನಿಲ್ಲಿಸಬೇಡಿ ಸರ್. ವರ್ಷಕ್ಕೆ 1.25 ಲಕ್ಷದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆ ಇಲ್ಲ. ಮೇಡಂ ಕಟ್ಟಿದ್ದು 3.6 ಲಕ್ಷ, ಲಾಭ ಸುಮಾರು 1.6 ಲಕ್ಷ. ಲಾಭ 1.25 ಲಕ್ಷದ ಒಳಗೆ ಬರುವಷ್ಟನ್ನು ಮಾರ್ಚ್‌ನಲ್ಲಿ ಸ್ವಿಚ್ ಮಾಡಿ, ಉಳಿದದ್ದನ್ನು ಏಪ್ರಿಲ್‌ನಲ್ಲಿ ಮಾಡಿದರೆ ಎರಡು ಆರ್ಥಿಕ ವರ್ಷಕ್ಕೆ ಹಂಚಿಹೋಗುತ್ತದೆ. ಆ ವರ್ಷಗಳಲ್ಲಿ ಬೇರೆ ಶೇರು, ಫಂಡ್ ಮಾರಿರದಿದ್ದರೆ ತೆರಿಗೆ ಸೊನ್ನೆ. ಕೊನೆಯ 12 ಕಂತಿನ ಯೂನಿಟ್ ಮಾತ್ರ ಈಗ ಮುಟ್ಟಬೇಡಿ. ಪ್ರತಿ ಕಂತಿಗೂ ಅದರದೇ ಒಂದು ವರ್ಷ ತುಂಬಬೇಕು, ಇಲ್ಲದಿದ್ದರೆ 20% ತೆರಿಗೆ ಬೀಳುತ್ತದೆ. ಬಹಳ ಇಕ್ವಿಟಿ ಫಂಡ್‌ಗಳಲ್ಲಿ ಬೇಗ ಮಾರಿದರೆ ಮುರಿದುಕೊಳ್ಳುವ ಎಕ್ಸಿಟ್ ಲೋಡ್ ಕೂಡ ಇರುತ್ತದೆ.

ಭದ್ರಾವತಿ ಕಿರಣ: ಇಷ್ಟೆಲ್ಲ ಸರ್ಕಸ್ ಮಾಡಿ ಕೈಗೆ ಬರುವುದು ಕಡಿಮೆ ಯೂನಿಟ್. ನನಗಂತೂ ಬೇಡ.

ಅಡಿಕೆ ತೋಟ: ತೋಟದವರ ದುಡ್ಡಿನ ಬಗ್ಗೆ?

ತುಂಗಾತೀರ: ಅಣ್ಣ, ತಿಂಗಳ ಕಂತೇ ಕಟ್ಟಬೇಕು ಅಂತ ನಿಯಮ ಇಲ್ಲ. ಅಡಿಕೆ ಮಾರಿದ ದುಡ್ಡನ್ನು ಅಲ್ಪಾವಧಿ ಸಾಲಪತ್ರಗಳಲ್ಲಿ ಹಾಕುವ ಲಿಕ್ವಿಡ್ ಫಂಡ್‌ನಲ್ಲಿಟ್ಟು ಅಲ್ಲಿಂದ ತಿಂಗಳಿಗಿಷ್ಟು ಅಂತ ಇಕ್ವಿಟಿಗೆ ವರ್ಗ ಮಾಡಿಸಬಹುದು. ಎರಡೂ ಡೈರೆಕ್ಟ್ ಇರಲಿ. ಲಿಕ್ವಿಡ್‌ನಲ್ಲಿ ರಿಟರ್ನೇ ಕಡಿಮೆ, ಅಲ್ಲಿ ಫೀ ಇನ್ನೂ ಎದ್ದು ಕಾಣುತ್ತದೆ.

ಅಡಿಕೆ ತೋಟ: ಕೊಳೆ ಬಂದ ವರ್ಷ ಆ ಲಿಕ್ವಿಡ್‌ಗೆ ಹಾಕಲಿಕ್ಕೂ ಇರುವುದಿಲ್ಲ ಮಾರಾಯ್ರೆ.

ವಿತರಕ, ಶಿವಮೊಗ್ಗ: ಮೇಡಂ, ನನ್ನ ಮಾತು ಬದಲಾಗಿಲ್ಲ. ಮುಂದಿನ ಕುಸಿತ ಬಂದಾಗ ನಿಮ್ಮನ್ನು ತಡೆಯುವವರು ಬೇಕು. ಆದರೂ ಹೋಗುವುದೇ ಆದರೆ ಒಂದು ನೆನಪಿಡಿ. ಯೂನಿಟ್ ಸ್ವಿಚ್ ಮಾಡಿದ ಮಾತ್ರಕ್ಕೆ ಹಳೆಯ ಎಸ್‌ಐಪಿ ನಿಲ್ಲುವುದಿಲ್ಲ. ಅದನ್ನು ಬೇರೆಯಾಗಿ ರದ್ದು ಮಾಡಿಸಿ. ಇಲ್ಲದಿದ್ದರೆ ರೆಗ್ಯುಲರ್‌ಗೆ 5,000, ಡೈರೆಕ್ಟ್‌ಗೆ 5,000, ಎರಡೂ ಖಾತೆಯಿಂದ ಹೋಗುತ್ತದೆ.

ಸಾಗರದ ಟೀಚರ್: ಹಳೆಯ ಎಸ್‌ಐಪಿ ರದ್ದು ಮಾಡಲು ಇವತ್ತೇ ಹಾಕಿದೆ. ಹೊಸದು ಡೈರೆಕ್ಟ್‌ನಲ್ಲಿ ಮುಂದಿನ 10ನೇ ತಾರೀಕಿನಿಂದ. ಹಳೆಯ ಯೂನಿಟ್ ಮಾರ್ಚ್‌ಗೆ ನೋಡುತ್ತೇನೆ.