ಉದ್ದ ಗೆರೆ ಟಾಪ್ ಹಾಕಿದ್ರೂ ದಪ್ಪ ಕಾಣ್ತಿದೀನಿ, ಯಾಕೆ?

ಪ್ರತಿಭಾ, ತುಮಕೂರು: ಟೈಲರಿಂಗ್ ಗೊತ್ತಿರೋರು ಸ್ವಲ್ಪ ಹೇಳಿ. ನಾನು 4 ಅಡಿ 11 ಇಂಚು, ಎದೆ ಅಳತೆ 40. ಉದ್ದ ಗೆರೆ ಹಾಕಿದ್ರೆ ಎತ್ತರ ಕಾಣ್ತೀರಾ ಅಂತ ಅಂಗಡಿಯವ್ರು ಹೇಳಿದ್ದಕ್ಕೆ ಬಿಳಿ-ನೀಲಿ ಪಟ್ಟೆ ಕಾಟನ್ ತಗೊಂಡು ಟಾಪ್ ಹೊಲಿಸ್ದೆ, ಒಂದೊಂದು ಪಟ್ಟೆ ಒಂದೂವರೆ ಇಂಚು ಇದೆ. ಬಿಳಿ ಲೆಗ್ಗಿಂಗ್ಸ್ ಜೊತೆ ಹಾಕಿದ್ರೆ ಮೊದಲಿಗಿಂತ ಗುಂಡಗೆ ಕಾಣ್ತೀನಿ. ಅಡ್ಡ ಗೆರೆನೋ ಓರೆನೋ ತಗೋಬೇಕಿತ್ತಾ? ತಂಗಿ ನಿಶ್ಚಿತಾರ್ಥಕ್ಕೆ ಇದೇ ಹಾಕೋಣ ಅಂತಿದ್ದೆ.

ಚೈತ್ರಾ (ಫ್ಯಾಷನ್ ಡಿಸೈನ್ ಸ್ಟೂಡೆಂಟ್): ಅಕ್ಕ ಅಡ್ಡ ಗೆರೆನೇ ತಗೊಳ್ಳಿ, ಅಡ್ಡ ಗೆರೆ ದಪ್ಪ ತೋರಿಸುತ್ತೆ ಅನ್ನೋದೇ ಸುಳ್ಳು. ಹೆಲ್ಮ್‌ಹೋಲ್ಟ್ಸ್ ಅಂತ ಜರ್ಮನಿ ವಿಜ್ಞಾನಿ 1860ರ ದಶಕದಲ್ಲೇ ಹೇಳಿದಾನೆ, ಒಂದೇ ಅಳತೆಯ ಎರಡು ಚೌಕ ಬರೆದು ಒಂದಕ್ಕೆ ಅಡ್ಡ ಗೆರೆ ಒಂದಕ್ಕೆ ಉದ್ದ ಗೆರೆ ತುಂಬಿದ್ರೆ ಅಡ್ಡ ಗೆರೆದೇ ಎತ್ತರ, ಸಪೂರ ಕಾಣುತ್ತೆ. ಇಂಗ್ಲೆಂಡಿನ ಯಾರ್ಕ್ ಯೂನಿವರ್ಸಿಟಿಯವ್ರೂ ಹೆಂಗಸರ ಚಿತ್ರ ತೋರಿಸಿ ನೋಡಿದಾರೆ, ಅಲ್ಲೂ ಅಡ್ಡ ಗೆರೆನೇ ಗೆದ್ದಿದ್ದು.

ರಂಗಣ್ಣ, ಚಿಂತಾಮಣಿ: ನಮ್ಮ ಹುಡುಗ ಆರಡಿ, ಕರೆಂಟ್ ಕಂಬ ಇದ್ದಂಗಿದಾನೆ. ಅವನಿಗೆ ಯಾವ ಗೆರೆ ಶರ್ಟ್ ತಗೊಂಡ್ರೆ ಸ್ವಲ್ಪ ಮೈ ತುಂಬಿದಂಗೆ ಕಾಣ್ತಾನೆ?

ನಾಗವೇಣಿ (ಲೇಡೀಸ್ ಟೈಲರ್, ಶಿರಾ ಗೇಟ್): ಪ್ರತಿಭಾ, ಬಟ್ಟೆ ಎಸೀಬೇಡಮ್ಮ, ಸರಿ ಮಾಡ್ಬೋದು. ಗೆರೆ ಉದ್ದ ಇದ್ಯೋ ಅಡ್ಡ ಇದ್ಯೋ ಅನ್ನೋದಕ್ಕಿಂತ ನೋಡೋರ ಕಣ್ಣು ಯಾವ ಕಡೆ ಓಡುತ್ತೆ ಅನ್ನೋದು ಮುಖ್ಯ. ನಿಂಗೆ ಮುಂಭಾಗದಲ್ಲಿ ಎದೆ ಮಟ್ಟದಲ್ಲಿ ಹತ್ತತ್ರ 20 ಇಂಚು ಬಟ್ಟೆ ಬರುತ್ತೆ, ಒಂದೂವರೆ ಇಂಚಿನ ಪಟ್ಟೆ ಅಂದ್ರೆ ಸುಮಾರು 13 ಪಟ್ಟೆ, ಅದೂ ಬಿಳಿ ನೀಲಿ ಬಿಳಿ ನೀಲಿ ಅಂತ ಎದ್ದು ಕಾಣೋವು. ಅಂಥ ಪಟ್ಟೆ ನೋಡಿದ್ರೆ ಕಣ್ಣು ಮೇಲಿಂದ ಕೆಳಗೆ ಇಳಿಯಲ್ಲ, ಒಂದು ಪಟ್ಟೆಯಿಂದ ಇನ್ನೊಂದಕ್ಕೆ ಅಡ್ಡಡ್ಡ ಹಾರ್ತಾ ಈ ಕಂಕುಳಿಂದ ಆ ಕಂಕುಳವರೆಗೂ ಹೋಗುತ್ತೆ, ಅಲ್ಲಿಗೆ ಉದ್ದ ಗೆರೆ ಹಾಕಿಯೂ ಅಗಲನೇ ತೋರಿಸಿದಂಗಾಯ್ತು. ಜೊತೆಗೆ ಎದೆ ಹತ್ರ ಮೈ ಉಬ್ಬಿರೋ ಕಡೆ ನೆಟ್ಟಗಿದ್ದ ಗೆರೆ ಹೊರಗಡೆಗೆ ಬಾಗುತ್ತೆ, ಪ್ಲೇನ್ ಬಟ್ಟೇಲಿ ಗೊತ್ತೇ ಆಗ್ದಿರೋ ಉಬ್ಬು ಇಲ್ಲಿ ಗೆರೆ ಎಳೆದು ತೋರಿಸಿದಂಗಿರುತ್ತೆ. ಬೇಕಿದ್ರೆ ಕನ್ನಡಿ ಮುಂದೆ ನಿಂತು ಡಾರ್ಟ್ ಹತ್ರ ಇರೋ ಒಂದೇ ಪಟ್ಟೆ ಹಿಡಿದು ಭುಜದಿಂದ ಕೆಳಗಿನವರೆಗೂ ನೋಡು.

ಇನ್ನು ಬಿಳಿ ಲೆಗ್ಗಿಂಗ್ಸ್. ಟಾಪ್ ಮುಗಿದು ಬಣ್ಣ ಬದಲಾಗೋ ಜಾಗದಲ್ಲಿ ಒಂದು ದೊಡ್ಡ ಅಡ್ಡ ಗೆರೆ ನೀನೇ ಹಾಕಿದಂಗಾಯ್ತು, ಇರೋ 4 ಅಡಿ 11 ಇಂಚನ್ನ ಎರಡು ತುಂಡು ಮಾಡ್ತು. ಆ ಅಂಚು ತೊಡೆ ದಪ್ಪ ಇರೋ ಕಡೆನೇ ಬಂದಿದ್ರಂತೂ ಮುಗೀತು. ಟಾಪ್ ಉದ್ದ ಎಷ್ಟು, ಭುಜದಿಂದ?

ಪ್ರತಿಭಾ: 30 ಅಕ್ಕ. ತೊಡೆ ಮಧ್ಯಕ್ಕೇ ನಿಲ್ಲುತ್ತೆ 🙈 ಕೆಳಗೆ ಎರಡು ಇಂಚು ಮಡಿಕೆ ಒಳಗಡೆ ಬಿಟ್ಟಿದಾರೆ.

ನಾಗವೇಣಿ: ಹಂಗಾದ್ರೆ ಮಡಿಕೆ ಬಿಚ್ಚಿ ಕೆಳಗೆ ಬೇರೆ ಬಟ್ಟೆ ಪಟ್ಟಿ ಒಳಗಡೆ ಕೊಟ್ಟು ಹೊಲಿದ್ರೆ 32 ಹತ್ರ ಸಿಗುತ್ತೆ, ಮಂಡಿ ಹತ್ರ ಕಾಲು ಸಣ್ಣ ಆಗೋ ಕಡೆಗೆ ಬರುತ್ತೆ. ಈಗ ಅಗಲದ ವಿಷ್ಯ. ಕತ್ತರಿ ಹಾಕೋಕೆ ಮುಂಚೆ ಒಂದು ಕೆಲಸ ಮಾಡು. ಕಡುನೀಲಿ ಪ್ಲೇನ್ ದುಪಟ್ಟಾ ಇದ್ರೆ ಕುತ್ತಿಗೆ ಹಿಂದಿಂದ ಹಾಕಿ ಎರಡು ತುದಿನೂ ಮುಂದೆ ನೆಟ್ಟಗೆ ಬಿಡು, ಮಧ್ಯದಲ್ಲಿ ಪಟ್ಟೆ ಎಂಟಿಂಚು ಮಾತ್ರ ಕಾಣಬೇಕು. ಹತ್ತಡಿ ದೂರದಿಂದ ಯಾರಾದ್ರೂ ಫೋಟೋ ತೆಗೀಲಿ, ಫೋನ್ ನಿನ್ನ ಎದೆ ಮಟ್ಟದಲ್ಲಿರ್ಲಿ, ಮೇಲಿಂದ ತೆಗೆದ್ರೆ ಯಾರಾದ್ರೂ ಕುಳ್ಳಗೇ ಕಾಣೋದು. ದುಪಟ್ಟಾ ಇಲ್ದೆ ಇನ್ನೊಂದು ಫೋಟೋ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು.

ವ್ಯತ್ಯಾಸ ಕಂಡ್ರೆ ಅದನ್ನೇ ಹೊಲಿಗೇಲಿ ತರೋದು, ಪ್ರಿನ್ಸೆಸ್ ಕಟ್. ಈಗಿರೋ ಟಾಪ್‌ನ ಮುಂಭಾಗ ಹಿಂಭಾಗ ಎರಡೂ ಬಿಚ್ಚಿ ಮಧ್ಯದ ಪೀಸ್ ಮಾತ್ರ ಉಳಿಸ್ಕೋಬೇಕು. ಎದೆ ಹತ್ರ 8 ಇಂಚು, ಸೊಂಟದಲ್ಲಿ 6, ಕೆಳಗೆ 9, ಹೊಲಿಗೆಗೆ ಎರಡೂ ಕಡೆ ಅರ್ಧರ್ಧ ಇಂಚು ಬೇರೆ. ನೀಲಿ ಪಟ್ಟೆ ಒಂದು ಸರಿಯಾಗಿ ಮಧ್ಯಕ್ಕೆ ಬರಬೇಕು, ಆಚೀಚೆ ಎರಡೆರಡು, ಎದೆ ಮಟ್ಟದಲ್ಲಿ ಒಟ್ಟು ಐದೇ ಪಟ್ಟೆ. ಕಾಲಿಂಚು ಜರುಗಿದ್ರೂ ಮೈಯೇ ಸೊಟ್ಟ ಇದ್ದಂಗೆ ಕಾಣುತ್ತೆ, ಹಾಗಾಗಿ ಪಿನ್ ಹಾಕದೆ ಕತ್ತರಿಸೋಕೆ ಬಿಡ್ಬೇಡ. ಪಕ್ಕದ ಪೀಸ್‌ಗಳು ಹಿಂದೆ ಮುಂದೆ ಎರಡೂ ಕಡೆ ಕಡುನೀಲಿ ಪ್ಲೇನ್, ತೋಳೂ ಅದೇ. 44 ಪನ್ನದ್ದು ಒಂದೂಮುಕ್ಕಾಲು ಮೀಟರ್ ಸಾಕು. ಹೊಲಿಗೆ ಕಂಕುಳಿಂದ ಬೇಡ ಭುಜದಿಂದ ಇಳೀಲಿ, ಆಗ ಭುಜದಿಂದ ಅಂಚಿನವರೆಗೂ ಎರಡು ಉದ್ದ ಗೆರೆ ಸಿಗುತ್ತೆ, ನಿಂಗೆ ಎತ್ತರ ಕೊಡೋದು ಅವೆರಡೇ. ಲೆಗ್ಗಿಂಗ್ಸ್ ಕಡುನೀಲಿ.

ಚೈತ್ರಾ, ನೀ ಹೇಳಿದ ಚೌಕದ ಮಾತು ನಿಜ, ಕಾಗದದ ಮೇಲೆ ಬರೆದು ನೋಡಿದೀನಿ. ಆದ್ರೆ ಚೌಕಕ್ಕೆ ಎದೆ ಸೊಂಟ ಇಲ್ವಲ್ಲಮ್ಮ. ಜಪಾನಿನವ್ರು 2013ರಲ್ಲಿ ಇದನ್ನೇ ಸಣ್ಣ ಮೈ, ದಪ್ಪ ಮೈ ಚಿತ್ರಗಳ ಮೇಲೆ ನೋಡಿದಾರೆ, ಸಣ್ಣ ಇರೋರಿಗೆ ಅಡ್ಡ ಗೆರೆ ಲಾಭ ಕೊಡ್ತು, ದಪ್ಪ ಇರೋರಿಗೆ ಆ ಲಾಭ ಸಿಗಲಿಲ್ಲ. ಎದೆ 40 ಇರೋರಿಗೆ ನಾನಂತೂ ಅಡ್ಡ ಗೆರೆ ಹೇಳಲ್ಲ.

ಚೈತ್ರಾ: ಆ ಪೇಪರ್ ನಮ್ಮ ಮೇಡಂ ಹೇಳೇ ಇಲ್ಲ. ಆದ್ರೂ ಸಣ್ಣ ಸಣ್ಣ ಅಡ್ಡ ಗೆರೆ, ಬಣ್ಣನೂ ಹತ್ತತ್ರದ್ದೇ ಆದ್ರೆ ನಡೆಯುತ್ತೆ ಅನ್ಸುತ್ತೆ ಅಕ್ಕ.

ನಾಗವೇಣಿ: ಅಷ್ಟು ಸಣ್ಣ ಆದ್ರೆ ದೂರಕ್ಕೆ ಪ್ಲೇನ್ ತರನೇ ಕಾಣೋದು, ಲಾಭನೂ ಇಲ್ಲ ನಷ್ಟನೂ ಇಲ್ಲ.

ಪ್ರತಿಭಾ: ಫೋಟೋ ತೆಗೆಸಿ ನೋಡ್ದೆ, ದುಪಟ್ಟಾ ಹಾಕಿದ್ದೇ ಚೆನ್ನಾಗಿದೆ. ಓರೆ ಗೆರೆ ಬಗ್ಗೆ ಹೇಳ್ಲಿಲ್ಲ ಅಕ್ಕ, ಅಂಗರಖಾ ಮಾಡೆಲ್ ತುಂಬ ಇಷ್ಟ ನಂಗೆ.

ನಾಗವೇಣಿ: ಓರೆ ಗೆರೆ ಎಷ್ಟು ಕಡಿದಾಗಿದೆ ಅಂತ ನೋಡ್ಬೇಕು. ಎಡಗಡೆ ಕುತ್ತಿಗೆ ಬುಡದಿಂದ ಶುರುವಾಗಿ ಬಲಗಡೆ ಸೊಂಟಕ್ಕೆ ಬಂದ್ರೆ ನಿನ್ನ ಅಳತೇಲಿ ಸುಮಾರು 14 ಇಂಚು ಇಳಿಯುತ್ತೆ, ಅಡ್ಡಕ್ಕೆ 8 ಇಂಚು ಹೋಗುತ್ತೆ, ಇಳಿಯೋದೇ ಜಾಸ್ತಿ ಆದ್ರಿಂದ ಕಣ್ಣಿಗೆ ಉದ್ದ ಗೆರೆ ಲೆಕ್ಕ. ಅದೇ ಎಡ ಕಂಕುಳ ಕೆಳಗಿಂದ ಶುರು ಮಾಡಿದ್ರೆ ಇಳಿಯೋದು 6 ಇಂಚು, ಅಡ್ಡಕ್ಕೆ 14, ಹೆಸರಿಗೆ ಓರೆ, ಕೆಲಸ ಅಡ್ಡ ಗೆರೆದೇ. ಸೀರೆ ಸೆರಗು ಕುಳ್ಳಗಿರೋರಿಗೂ ಒಪ್ಪೋದು ಅದು ಭುಜಕ್ಕೆ ಕಡಿದಾಗಿ ಏರೋದ್ರಿಂದ. ಅಂಗರಖಾ ಮಾಡಿಸಿದ್ರೆ ಪ್ಲೇನ್ ಬಟ್ಟೇಲಿ ಮಾಡಿಸಿ ಆ ಓರೆ ಅಂಚಿಗೆ ಮಾತ್ರ ತೆಳು ಪೈಪಿಂಗ್ ಕೊಡ್ಸು.

ಇಮ್ತಿಯಾಜ್ (ಟೈಲರ್, ಕೋಲಾರ): ಪಟ್ಟೆ ಬಟ್ಟೆನೇ ಕ್ರಾಸ್ ಕಟಿಂಗ್ ಮಾಡಿದ್ರೂ ಓರೆ ಬರುತ್ತಲ್ಲ ಮೇಡಂ, ನಾವು ಮಾಡ್ತೀವಿ. ಬಟ್ಟೆ ಜಾಸ್ತಿ ಬೇಕು, ಕತ್ತರಿಸಿದ ಮೇಲೆ ಒಂದು ರಾತ್ರಿ ಹ್ಯಾಂಗರ್‌ಗೆ ಹಾಕಿ ಜೋಲು ಬಿಟ್ಟು ಆಮೇಲೆ ಅಂಚು ಸಮ ಮಾಡ್ಬೇಕು, ಇಲ್ದಿದ್ರೆ ಒಂದು ಕಡೆ ಇಳಿಯುತ್ತೆ. ಇನ್ನೊಂದು ಮಾತು, ತೋಳು ಪ್ಲೇನ್ ಬೇಡ, ಪಟ್ಟೆನೇ ಇರ್ಲಿ, ಇಲ್ಲಾಂದ್ರೆ ವೇಸ್ಟ್‌ಕೋಟ್ ಹಾಕಿದಂಗಾಗುತ್ತೆ. ರಂಗಣ್ಣ, ನಿಮ್ಮ ಹುಡುಗನಿಗೆ ದೊಡ್ಡ ಚೆಕ್ಸ್ ಶರ್ಟ್, ಪ್ಯಾಂಟ್ ಬೇರೆ ಬಣ್ಣ, ಬೆಲ್ಟ್ ಕಾಣೋ ಹಂಗೆ ಇನ್‌ಶರ್ಟ್ ಮಾಡ್ಸಿ, ನಡು ಹತ್ರ ಎತ್ತರ ಮುರಿಯುತ್ತೆ.

ನಾಗವೇಣಿ: ಕ್ರಾಸ್ ಕಟಿಂಗ್ ಮೈಗೆ ಅಂಟ್ಕೊಂಡು ಬೀಳುತ್ತೆ, ಪ್ರತಿಭಾಗೆ ನಾನು ಹೇಳಲ್ಲ. ತೋಳಿಗೆ ಪಟ್ಟೆ ಕೊಟ್ರೆ ಮೈ ಆಚೆ ಈಚೆ ಮತ್ತೆ ಬಿಳಿ ಬಂತು, ಕಣ್ಣು ಮತ್ತೆ ಅಗಲಕ್ಕೇ ಹೋಯ್ತು, ಅಷ್ಟಕ್ಕೆ ಪಕ್ಕದ ಪೀಸ್ ಯಾಕೆ ಬದಲಾಯಿಸ್ಬೇಕು?

ಇಮ್ತಿಯಾಜ್: ತೋಳಿನ ಬಾಯಿಗೆ ಒಂದೇ ಪಟ್ಟೆ ಕೊಟ್ರೆ?

ನಾಗವೇಣಿ: ಅದು ಎದೆ ಮಟ್ಟದಲ್ಲೇ ಬರುತ್ತಲ್ಲ ಅಣ್ಣ, ಅರ್ಧ ತೋಳು. ಮುಕ್ಕಾಲು ತೋಳಾದ್ರೆ ಸೊಂಟದ ಹತ್ರ ಬರುತ್ತೆ, ಅಲ್ಲಿ ಒಪ್ಕೋತೀನಿ.

ಪ್ರತಿಭಾ: ಮುಕ್ಕಾಲು ತೋಳೇ ಇರೋದು ಅಕ್ಕ ಈಗ 😅