ಐಇಎಲ್‌ಟಿಎಸ್ ಟಾಸ್ಕ್ 2: 40 ನಿಮಿಷದಲ್ಲಿ ನಾಲ್ಕನೇ ಪ್ಯಾರಾ ತಲುಪುತ್ತಲೇ ಇಲ್ಲ

ತುಂಗಾತೀರ: ಮುಂದಿನ ತಿಂಗಳು ಕಂಪ್ಯೂಟರ್‌ನಲ್ಲಿ ಅಕಾಡೆಮಿಕ್ ಪರೀಕ್ಷೆ ಇದೆ. ಗಡಿಯಾರ ಇಟ್ಟುಕೊಂಡು ಐದು ಪ್ರಬಂಧ ಬರೆದೆ, ಐದರಲ್ಲೂ ಮೂರನೇ ಪ್ಯಾರಾದ ನಡುವೆ ಹೊತ್ತು ಮುಗಿಯಿತು. ನಿನ್ನೆಯ ಪ್ರಶ್ನೆ: ನಗರದ ಮಧ್ಯಭಾಗದಲ್ಲಿ ಖಾಸಗಿ ಕಾರು ನಿಷೇಧಿಸಬೇಕು, ಎಷ್ಟರ ಮಟ್ಟಿಗೆ ಒಪ್ಪುತ್ತೀರಿ? ಪೀಠಿಕೆಯೇ 95 ಪದ ಆಯ್ತು, ಎರಡನೇ ಪ್ಯಾರಾ 140.

ಬಯಲುಸೀಮೆ: ಪೀಠಿಕೆ ಎರಡು ವಾಕ್ಯಕ್ಕೆ ಇಳಿಸಿ. ಆಮೇಲೆ ಒಂದು ಪ್ಯಾರಾ ಪರ, ಒಂದು ಪ್ಯಾರಾ ವಿರೋಧ. ಎರಡೂ ಕಡೆ ಬರೆಯದಿದ್ದರೆ ಅಂಕ ಕಡಿಮೆ ಆಗುತ್ತೆ.

ಪಾಠದಮನೆ: ಪೀಠಿಕೆಯ ಮಾತು ಸರಿ. ಎರಡೂ ಕಡೆ ಬರೆಯಲೇಬೇಕು ಅನ್ನೋದು ಸರಿಯಲ್ಲ. "ಎರಡೂ ಅಭಿಪ್ರಾಯ ಚರ್ಚಿಸಿ" ಅಂತ ಕೇಳಿದ್ದರೆ ಮಾತ್ರ ಅದು ಕಡ್ಡಾಯ. "ಎಷ್ಟರ ಮಟ್ಟಿಗೆ" ಅಂದಾಗ ಒಂದೇ ಪಕ್ಷ ಹಿಡಿಯಬಹುದು, ಆದರೆ ಆ ನಿಲುವು ಪೀಠಿಕೆಯಿಂದ ಕೊನೆಯವರೆಗೂ ಬದಲಾಗಬಾರದು. ತುಂಗಾತೀರ, ಆ 140 ಪದದಲ್ಲಿ ಎಷ್ಟು ಕಾರಣ ಕೊಟ್ಟಿದ್ದೀರಿ?

ತುಂಗಾತೀರ: ಹೊಗೆ, ಟ್ರಾಫಿಕ್, ಅಪಘಾತ. ಮೂರು ಮೇಡಂ.

ಪಾಠದಮನೆ: ನಿಮ್ಮ ಹೊತ್ತು ಹೋಗುತ್ತಿರೋದು ಅಲ್ಲೇ. ಬರೆಯುತ್ತಾ ಯೋಚಿಸುತ್ತಿದ್ದೀರಿ, ಹೊಳೆದದ್ದೆಲ್ಲ ಎರಡನೇ ಪ್ಯಾರಾಕ್ಕೆ ಸೇರುತ್ತಿದೆ, ಮೂರನೆಯದಕ್ಕೆ ಏನೂ ಉಳಿಯುತ್ತಿಲ್ಲ. ಮೊದಲ 6 ನಿಮಿಷ ಪ್ರಬಂಧಕ್ಕೆ ಕೈ ಹಾಕಬೇಡಿ. ಪ್ಯಾರಾಕ್ಕೊಂದೇ ಕಾರಣ ಅಂತ ನಿರ್ಧರಿಸಿ, ಎರಡೂ ಪ್ಯಾರಾಗಳ ಮೊದಲ ವಾಕ್ಯವನ್ನು ಟೈಪ್ ಮಾಡಿಟ್ಟುಕೊಳ್ಳಿ. ನಿಮ್ಮ ಪ್ರಶ್ನೆಗೆ ಹೀಗೆ: ನಿಲುವು, ಪೂರ್ತಿ ಒಪ್ಪುತ್ತೇನೆ. ಎರಡನೇ ಪ್ಯಾರಾಕ್ಕೆ ಹೊಗೆ ಮಾತ್ರ. ಮೂರನೆಯದಕ್ಕೆ ನಡೆಯುವವರಿಗೆ ಸಿಗುವ ಜಾಗ; 2020ರ ಕೊನೆಯಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ವಾರಾಂತ್ಯಕ್ಕೆ ವಾಹನ ಬಿಡುತ್ತಿರಲಿಲ್ಲವಲ್ಲ, ಅದೇ ಉದಾಹರಣೆ. ಟ್ರಾಫಿಕ್, ಅಪಘಾತ ಎರಡನ್ನೂ ಬಿಟ್ಟುಬಿಡಿ. ಪೀಠಿಕೆಗೆ 4 ನಿಮಿಷ, ನಡುವಿನ ಎರಡಕ್ಕೆ 11-11, ಮುಕ್ತಾಯಕ್ಕೆ 4, ಉಳಿದ 4 ತಿದ್ದಲು. ಪದಗಳು ಸುಮಾರು 45, 95, 95, 35. ಅಂದರೆ 270, ಕನಿಷ್ಠ ಬೇಕಾದದ್ದು 250.

ಕಾಫಿತೋಟ: ನಂದು ಜನರಲ್ ಟ್ರೈನಿಂಗ್. ಪತ್ರಕ್ಕೂ ನಾಲ್ಕೇ ಪ್ಯಾರಾನಾ? ಅದಕ್ಕೇ 30 ನಿಮಿಷ ಹಿಡಿಯುತ್ತೆ ನಂಗೆ.

ಪಾಠದಮನೆ: ಪತ್ರ ಟಾಸ್ಕ್ 1, ಇಲ್ಲಿ ಕೇಳಿದ್ದು ಪ್ರಬಂಧದ ಬಗ್ಗೆ. ಆದರೂ ನಿಮ್ಮ 30 ನಿಮಿಷ ಕೇಳಿ ಗಾಬರಿಯಾಯ್ತು. ಇರೋದು ಒಟ್ಟು 60 ನಿಮಿಷ, 20 ಆದಾಗ ಯಾರೂ ಎಚ್ಚರಿಸಲ್ಲ. ಪ್ರಬಂಧಕ್ಕೆ ಪತ್ರದ ಎರಡರಷ್ಟು ತೂಕ. ಪ್ರಬಂಧವನ್ನೇ ಮೊದಲು ಬರೆದು ನೋಡಿ.

ಬಯಲುಸೀಮೆ: ನಾನು ಹಾಗೆ ಮಾಡಿ ಟಾಸ್ಕ್ 1 ಅರ್ಧಕ್ಕೆ ಬಿಟ್ಟೆ. ಕ್ರಮವಾಗಿ ಹೋಗೋದೇ ಒಳ್ಳೇದು ಅಂತೀನಿ.

ತುಂಗಾತೀರ: ಇವತ್ತು ಅದೇ ಪ್ರಶ್ನೆ ಮತ್ತೆ ಬರೆದೆ. 262 ಪದ, 38ನೇ ನಿಮಿಷಕ್ಕೆ ಮುಕ್ತಾಯ ಬಂತು, ತಿದ್ದಲು ಎರಡೇ ನಿಮಿಷ. ಆದರೆ ಮೂರನೇ ಪ್ಯಾರಾದಲ್ಲಿ ಚರ್ಚ್ ಸ್ಟ್ರೀಟ್ ಹೆಸರು ಹೇಳಿ ಸುಮ್ಮನಾದೆ.

ಪಾಠದಮನೆ: ಹೆಸರು ಹೇಳಿದರೆ ಉದಾಹರಣೆ ಆಗಲ್ಲ. ಕಾರು ಇಲ್ಲದಾಗ ಅಲ್ಲಿ ಯಾರಿಗೆ, ಏನು ಸುಲಭವಾಗುತ್ತೆ ಅಂತ ಇನ್ನೊಂದು ವಾಕ್ಯ ಸೇರಿಸಿ. ನಾಳೆ ಹೊಸ ಪ್ರಶ್ನೆ ತೆಗೆದುಕೊಂಡು ಬರೆದು, ಆ ಪ್ಯಾರಾ ಮಾತ್ರ ಇಲ್ಲಿ ಹಾಕಿ.